ದಾಸ್ತಾನು ಕಾಳಿನ ತೂಕ ಇಳಿದಾಗ: ಆರಿದ ನೀರೆಷ್ಟು, ನಿಜವಾದ ನಷ್ಟವೆಷ್ಟು ಎಂದು ಪತ್ತೆ ಮಾಡುವುದು

ರೈತರ ಗುಂಪು ಒಟ್ಟಾಗಿ ಕಾಳು ಕೂಡಿಟ್ಟು ನಾಲ್ಕೈದು ತಿಂಗಳ ಮೇಲೆ ತೆಗೆದಾಗ, ತುಂಬಿದ ದಿನದ ತೂಕಕ್ಕೂ ತೆಗೆದ ದಿನದ ತೂಕಕ್ಕೂ ತಾಳೆ ಬೀಳುವುದಿಲ್ಲ. ಬೀಳಲೂ ಬಾರದು, ಏಕೆಂದರೆ ಕಾಳಿನೊಳಗಿನ ನೀರು ಈ ಅವಧಿಯಲ್ಲಿ ಆರಿರುತ್ತದೆ ಇಲ್ಲವೆ ಗಾಳಿಯಿಂದ ಒಳಸೇರಿರುತ್ತದೆ. ನೀರು ಆರಿ ಇಳಿದ ತೂಕ ನಷ್ಟವಲ್ಲ. ಹುಳು, ಬೂಷ್ಟು, ಇಲಿ, ಚೆಲ್ಲುವಿಕೆ ಇವುಗಳಿಂದ ಹೋದದ್ದು ನಷ್ಟ. ಇವೆರಡರ ಜೊತೆಗೆ ಮೂರನೆಯದೊಂದು ಸದಾ ಬೆರೆತಿರುತ್ತದೆ: ತೂಗುವಾಗ, ತೇವಾಂಶ ಅಳೆಯುವಾಗ, ಬರೆದುಕೊಳ್ಳುವಾಗ ಆದ ತಪ್ಪು. ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡುವುದು ಹೇಗೆ ಎಂಬುದು ಈ ಕೈಪಿಡಿಯ ವಿಷಯ. ಉದಾಹರಣೆಗೆ ಚೀಲದಲ್ಲಿಟ್ಟ ಮೆಕ್ಕೆಜೋಳವನ್ನು ತೆಗೆದುಕೊಂಡಿದ್ದೇವೆ. ಬೇರೆ ಧಾನ್ಯಕ್ಕೂ ಲೆಕ್ಕದ ದಾರಿ ಇದೇ.

ಎಲ್ಲ ಪರೀಕ್ಷೆಗೂ ಆಧಾರ ಒಂದೇ. ಕಾಳಿನಲ್ಲಿ ನೀರು ಬಿಟ್ಟು ಉಳಿಯುವ ಭಾಗವನ್ನು ಇಲ್ಲಿ ಒಣ ತೂಕ ಎನ್ನೋಣ. ನೀರು ಆರಿದರೂ ಸೇರಿದರೂ ಒಣ ತೂಕ ಬದಲಾಗುವುದಿಲ್ಲ. ಅದು ಕಡಿಮೆಯಾಗಿದ್ದರೆ ಕಾಳೇ ಹೋಗಿದೆ ಎಂದರ್ಥ.

```
ಒಣ ತೂಕ = ನಿವ್ವಳ ತೂಕ × (100 − ತೇವಾಂಶ) ÷ 100
```

ಹಾಗಾಗಿ ಪುಸ್ತಕದಲ್ಲಿ ಪ್ರತಿ ಸಲವೂ ದಿನಾಂಕ, ಚೀಲಗಳ ಎಣಿಕೆ, ಚೀಲ ಸಹಿತ ತೂಕ, ಖಾಲಿ ಚೀಲದ ತೂಕ, ನಿವ್ವಳ ತೂಕ, ತೇವಾಂಶ, ಕಾಳಿನ ಉಷ್ಣತೆ ಇವಿಷ್ಟೂ ಇರಬೇಕು. ಕೊನೆಯ ಕಾಲಂನಲ್ಲಿ ಒಣ ತೂಕ. ಇವುಗಳಲ್ಲಿ ಒಂದು ತಪ್ಪಿಹೋದರೂ ಮುಂದೆ ಬರುವ ಯಾವ ಲಕ್ಷಣವನ್ನೂ ಖಚಿತವಾಗಿ ಓದಲು ಆಗುವುದಿಲ್ಲ. ನಿವ್ವಳ ತೂಕವನ್ನಷ್ಟೇ ಬರೆದು ಖಾಲಿ ಚೀಲದ ತೂಕ ಬಿಡುವುದು ಎಲ್ಲೆಡೆ ಕಾಣುವ ಕೊರತೆ. ಆಗ ನಿವ್ವಳ ಎಂಬ ಅಂಕಿ ಹೇಗೆ ಬಂತು ಎಂಬುದನ್ನು ಆಮೇಲೆ ಯಾರೂ ಪರಿಶೀಲಿಸಲಾರರು.

## ಲಕ್ಷಣ: ತೂಕವೂ ಇಳಿದಿದೆ, ತೇವಾಂಶವೂ ಇಳಿದಿದೆ, ಆದರೂ ಲೆಕ್ಕಕ್ಕೆ ಸಿಗದಷ್ಟು ಕೊರತೆ

ಮೊದಲು ನೋಡಬೇಕಾದದ್ದು ಗೋದಾಮನ್ನಲ್ಲ, ಲೆಕ್ಕ ಮಾಡಿದ ಹಾಳೆಯನ್ನು. ಇದಕ್ಕೆ ಖರ್ಚಿಲ್ಲ, ತಪ್ಪು ಸಿಗುವುದೂ ಬಹುಪಾಲು ಇಲ್ಲೇ.

ಒಂದು ಗುಂಪು 240 ಚೀಲಗಳಲ್ಲಿ 12,000 ಕೆಜಿ ಮೆಕ್ಕೆಜೋಳ ತುಂಬಿತು ಎಂದುಕೊಳ್ಳಿ. ತುಂಬುವಾಗಿನ ಸರಾಸರಿ ತೇವಾಂಶ ಶೇ. 14.5. ಐದು ತಿಂಗಳ ಮೇಲೆ ತೂಗಿದಾಗ ಸಿಕ್ಕದ್ದು 11,640 ಕೆಜಿ, ತೇವಾಂಶ ಶೇ. 12.6. ಕೊರತೆ 360 ಕೆಜಿ. ಇದರಲ್ಲಿ ನೀರೆಷ್ಟು?

ಸಾಮಾನ್ಯವಾಗಿ ಮಾಡುವ ಲೆಕ್ಕ ಹೀಗಿರುತ್ತದೆ: 14.5ರಲ್ಲಿ 12.6 ಕಳೆದರೆ 1.9. ಹನ್ನೆರಡು ಸಾವಿರಕ್ಕೆ ಶೇ. 1.9 ಎಂದರೆ 228 ಕೆಜಿ ನೀರು, ಉಳಿದ 132 ಕೆಜಿ ಕಾಣೆ. ಈ ಲೆಕ್ಕ ತಪ್ಪು. ಮೊದಲ ಶೇಕಡಾವಾರು 12,000 ಕೆಜಿಯ ಮೇಲಿನದು, ಎರಡನೆಯದು ನೀರು ಆರಿ ಹಗುರಾದ ಮೇಲಿನ ತೂಕದ್ದು. ಬೇರೆ ಬೇರೆ ತೂಕದ ಮೇಲೆ ಹಾಕಿದ ಶೇಕಡಾವಾರುಗಳನ್ನು ಒಂದರಿಂದೊಂದು ಕಳೆಯಲು ಬರುವುದಿಲ್ಲ. ಸರಿಯಾದ ಸೂತ್ರ ಇದು:

```
ಇರಬೇಕಾದ ತೂಕ = ತುಂಬಿದ ತೂಕ × (100 − ಆಗಿನ ತೇವಾಂಶ) ÷ (100 − ಈಗಿನ ತೇವಾಂಶ)
```

ಇಲ್ಲಿ 12,000 × 85.5 ÷ 87.4 = 11,739 ಕೆಜಿ. ನೀರಾಗಿ ಹೋದದ್ದು 228 ಅಲ್ಲ, 261 ಕೆಜಿ. ವಿವರಣೆ ಬೇಕಾದ ಕೊರತೆ 132ರಿಂದ 99 ಕೆಜಿಗೆ ಇಳಿಯಿತು. ಬಾಯಿಲೆಕ್ಕಕ್ಕೆ ಒಂದು ಅಂದಾಜು: ಒಣಗುವ ಕಾಳು ತೇವಾಂಶದ ಒಂದು ಅಂಕ ಇಳಿದರೆ ತೂಕ ಸುಮಾರು ಶೇ. 1.15 ಇಳಿಯುತ್ತದೆ, ಒಂದೇ ಅಲ್ಲ. ಕಂಪ್ಯೂಟರಿನ ಹಾಳೆಯಲ್ಲಿ ಬರೆಯುವವರು ತುಂಬಿದ ತೂಕ E ಕಾಲಂನಲ್ಲಿ, ಆಗಿನ ತೇವಾಂಶ F, ಈಗಿನದು G ಎಂದಿಟ್ಟುಕೊಂಡು ಈ ಸೂತ್ರ ಹಾಕಬಹುದು:

```
=E2*(100-F2)/(100-G2)
```

ಹಾಳೆಯಲ್ಲಿ ನೋಡಬೇಕಾದ ಇನ್ನೊಂದು ಜಾಗ, ಆ 14.5 ಎಂಬ ಸರಾಸರಿ ಬಂದ ಬಗೆ. ಒಬ್ಬರು 3,000 ಕೆಜಿ ಶೇ. 16ರ ಕಾಳು ತಂದು, ಇನ್ನೊಬ್ಬರು 1,000 ಕೆಜಿ ಶೇ. 13ರದ್ದು ತಂದಿದ್ದರೆ ಸರಾಸರಿ 14.5 ಆಗುವುದಿಲ್ಲ. ಹಸಿ ಕಾಳೇ ಮೂರು ಪಾಲಿರುವುದರಿಂದ ಅದು 15.25. ತೂಕ ಗಮನಿಸದೆ ಮೀಟರ್ ಅಂಕಗಳನ್ನು ಕೂಡಿ ಭಾಗಿಸಿದ್ದರೆ ನಾಲ್ಕು ಟನ್ನಿನಲ್ಲೇ ಮೂವತ್ತೈದು ಕೆಜಿಯಷ್ಟು ಸುಳ್ಳು ನಷ್ಟ ಪುಸ್ತಕದಲ್ಲಿ ಹುಟ್ಟಿಕೊಳ್ಳುತ್ತದೆ. ಸರಿಪಡಿಸಲು ಪ್ರತಿಯೊಬ್ಬರು ತಂದ ಕಾಳಿನ ಒಣ ತೂಕ ತೆಗೆದು, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಹಿಂದಕ್ಕೆ ಸರಾಸರಿ ತೇವಾಂಶ ಲೆಕ್ಕ ಹಾಕಿ.

## ಲಕ್ಷಣ: ಹಾಳೆಯ ಲೆಕ್ಕ ಸರಿಯಿದೆ, ಆದರೂ ಕೊರತೆ ಉಳಿದಿದೆ

ಈಗ ಕೈಯಲ್ಲಿರುವುದು 99 ಕೆಜಿ. ಯಾರ ಮೇಲಾದರೂ ಸಂಶಯ ಪಡುವ ಮೊದಲು, ಹುಳುವಿನ ಔಷಧದ ಮಾತೆತ್ತುವ ಮೊದಲು, ಚೀಲ ಮತ್ತು ತಕ್ಕಡಿ ನೋಡಿ.

ಚೀಲದ ಎಣಿಕೆ. ತುಂಬಿದ ಸಂಖ್ಯೆ, ಮಧ್ಯೆ ಹೊರಹೋದದ್ದು, ಈಗ ಇರುವುದು ಇವು ಕೂಡಬೇಕು. ಹರಿದ ಚೀಲದ ಕಾಳನ್ನು ಬೇರೆ ಚೀಲಕ್ಕೆ ಸುರಿದಾಗ ಎರಡು ಒಂದಾಗಿರುತ್ತದೆ, ಇಲ್ಲವೆ ಒಂದು ಎರಡಾಗಿರುತ್ತದೆ. ಅದೇ ದಿನ ಬರೆದಿಡದಿದ್ದರೆ ಎಣಿಕೆ ಕೆಡುತ್ತದೆ.

ಖಾಲಿ ಚೀಲದ ತೂಕ. ಅಂದಾಜಿನ ಮೇಲೆ "ಚೀಲಕ್ಕೆ ಅರ್ಧ ಕೆಜಿ" ಎಂದು ಕಳೆಯುವ ಅಭ್ಯಾಸವಿದೆ. ನಮ್ಮ ಉದಾಹರಣೆಯ ಗುಂಪು ತುಂಬುವಾಗ ಅದನ್ನೇ ಮಾಡಿತ್ತು. ಆಮೇಲೆ ಇಪ್ಪತ್ತು ಖಾಲಿ ಗೋಣಿಚೀಲ ಒಟ್ಟಿಗೆ ತೂಗಿದಾಗ 13 ಕೆಜಿ ಬಂತು, ಎಂದರೆ ಚೀಲಕ್ಕೆ 650 ಗ್ರಾಂ. ಚೀಲಕ್ಕೆ 150 ಗ್ರಾಂನಂತೆ 240 ಚೀಲಕ್ಕೆ 36 ಕೆಜಿ. ಅಷ್ಟು ಕಾಳು ಗೋದಾಮಿಗೆ ಬಂದೇ ಇರಲಿಲ್ಲ, ಅದು ಬರೀ ಗೋಣಿ. ತುಂಬಿದ ನಿಜವಾದ ತೂಕ 11,964 ಕೆಜಿ. ಸೂತ್ರಕ್ಕೆ ಹಾಕಿದರೆ ಈಗ ಇರಬೇಕಾದದ್ದು 11,704, ಇರುವುದು 11,640. ಕೊರತೆ 64 ಕೆಜಿಗೆ ಇಳಿಯಿತು.

ಗೋಣಿಯ ನಾರು ಗಾಳಿಯ ತೇವವನ್ನು ಚೆನ್ನಾಗಿ ಹೀರುತ್ತದೆ. ಹಾಗಾಗಿ ತುಂಬುವಾಗ ಒಮ್ಮೆ, ತೆಗೆಯುವಾಗ ಇನ್ನೊಮ್ಮೆ ಖಾಲಿ ಚೀಲ ತೂಗಬೇಕು. ಪ್ಲಾಸ್ಟಿಕ್ ಚೀಲಕ್ಕೆ ಈ ಗೊಡವೆಯಿಲ್ಲ, ಒಮ್ಮೆ ತೂಗಿದರೆ ಸಾಕು. ಎರಡು ಬಗೆಯ ಚೀಲ ಬೆರೆತಿದ್ದರೆ ಪುಸ್ತಕದಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ತಕ್ಕಡಿ. ತೂಕದ ಯಂತ್ರವನ್ನು ಗಟ್ಟಿ, ಸಮತಟ್ಟಾದ ನೆಲದ ಮೇಲಿಟ್ಟು, ಸೊನ್ನೆ ತೋರಿಸುತ್ತಿದೆಯೆ ನೋಡಿ. ಮುದ್ರೆಯಿರುವ 20 ಕೆಜಿಯ ಎರಡು ಬಟ್ಟುಗಳನ್ನು ನಡುವೆ ಒಮ್ಮೆ, ಆಮೇಲೆ ನಾಲ್ಕೂ ಮೂಲೆಗೆ ಒಂದೊಂದು ಸಲ ಇಟ್ಟು ತೂಗಿ. ಮೂಲೆಯಿಂದ ಮೂಲೆಗೆ ಬೇರೆ ತೂಕ ಬಂದರೆ ಹಲಗೆಯ ಅಡಿಯಲ್ಲಿ ಕಲ್ಲೋ ಕಾಳೋ ಸಿಕ್ಕಿಕೊಂಡಿದೆ, ಇಲ್ಲವೆ ಭಾರ ತಿಳಿಯುವ ಸಾಧನ ಕೆಟ್ಟಿದೆ. ತೂಗುವ ಕೆಲಸದ ಮೊದಲು, ಊಟದ ಹೊತ್ತಿಗೆ, ಕೊನೆಗೆ, ಹೀಗೆ ಮೂರು ಸಲ ಅದೇ ಬಟ್ಟು ಇಟ್ಟು ಬಂದ ಅಂಕಿ ಬರೆದರೆ ಬ್ಯಾಟರಿ ಇಳಿದು ಯಂತ್ರ ದಾರಿ ತಪ್ಪಿದ್ದು ಗೊತ್ತಾಗುತ್ತದೆ. ಚೀಲಕ್ಕೆ ನೂರು ಗ್ರಾಂ ತಪ್ಪಿದರೂ 240 ಚೀಲಕ್ಕೆ 24 ಕೆಜಿ. ಯಂತ್ರದ ಒಳಗಿನ ಮುದ್ರೆ ನೀವು ಬಿಚ್ಚಬೇಡಿ. ಮೂಲೆ ತೂಕ ಬೇರೆಯಾಗುತ್ತಿದ್ದರೆ ಪರವಾನಗಿ ಇರುವ ರಿಪೇರಿಯವರನ್ನೇ ಕರೆಯಿರಿ.

ತೆಗೆದ ಮಾದರಿ ಮತ್ತು ಉದುರಿದ ಕಾಳು. ತಿಂಗಳಿಗೆ ಎರಡು ಕೆಜಿ ಮಾದರಿ ತೆಗೆದು ತಿರುಗಿ ಹಾಕದಿದ್ದರೆ ಐದು ತಿಂಗಳಿಗೆ 10 ಕೆಜಿ. ನೆಲ ಗುಡಿಸಿ ಬಂದ ಕಾಳು ಈ ಉದಾಹರಣೆಯಲ್ಲಿ 12 ಕೆಜಿ. ಇವೆರಡನ್ನೂ ತೂಗಿ ಬರೆದ ಮೇಲೆ 64ರಲ್ಲಿ ಉಳಿದದ್ದು 42 ಕೆಜಿ, ದಾಸ್ತಾನಿನ ಶೇ. 0.36.

ಈ ನಲವತ್ತೆರಡರ ಬಗ್ಗೆ ನ್ಯಾಯವಾಗಿ ಯೋಚಿಸಬೇಕು. ತೆಗೆಯುವಾಗಿನ ತೇವಾಂಶದ ಅಂಕ 0.3ರಷ್ಟು ತಪ್ಪಿದ್ದರೆ ಇರಬೇಕಾದ ತೂಕವೇ 40 ಕೆಜಿ ಅತ್ತಿತ್ತ ಸರಿಯುತ್ತದೆ. ಹಾಗಿರುವಾಗ ಈ ಅಂಕಿ ಹಿಡಿದು ಗೋದಾಮು ಕಾಯುವವರನ್ನು ಕಟಕಟೆಗೆ ನಿಲ್ಲಿಸುವುದು ಅನ್ಯಾಯ. ಕೊರತೆ ಅಳತೆಯ ತಪ್ಪಿಗಿಂತ ಸ್ಪಷ್ಟವಾಗಿ ದೊಡ್ಡದಿದ್ದಾಗ ಮಾತ್ರ ಮುಂದಿನ ಹುಡುಕಾಟಕ್ಕೆ ಅರ್ಥವಿದೆ. ಆದರೂ ಒಂದು ಸುಲಭದ ಪರೀಕ್ಷೆ ಇದೆ, ಅದನ್ನು ಮಾಡಿಬಿಡಬೇಕು.

ಎಣಿಸಿ ತೂಗುವುದು. ಹಲವು ಚೀಲದಿಂದ ಬೆರೆಸಿದ ಮಾದರಿಯಿಂದ ಆರಿಸದೆ ಸಾವಿರ ಕಾಳು ಎಣಿಸಿಕೊಳ್ಳಿ. ತೂತು ಬಿದ್ದವು, ಹುಳು ತಿಂದವು ಒಂದು ಕಡೆ, ಗಟ್ಟಿ ಕಾಳು ಇನ್ನೊಂದು ಕಡೆ. ಎರಡನ್ನೂ ಎಣಿಸಿ, ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ತೂಗಿ. ಗಟ್ಟಿ ಕಾಳು 975 ಇದ್ದು 292.5 ಗ್ರಾಂ ತೂಗಿದರೆ ಒಂದರ ತೂಕ 0.3 ಗ್ರಾಂ. ತೂತಿನ ಕಾಳು 25 ಇದ್ದು 6.3 ಗ್ರಾಂ ತೂಗಿದರೆ, ಗಟ್ಟಿಯಾಗಿದ್ದಿದ್ದರೆ ಅವು 7.5 ಗ್ರಾಂ ತೂಗಬೇಕಿತ್ತು. ಹೋದದ್ದು 1.2 ಗ್ರಾಂ, ಸಾವಿರ ಕಾಳಿನ 300 ಗ್ರಾಂಗೆ ಶೇ. 0.4. ಹನ್ನೆರಡು ಟನ್ನಿನ ದಾಸ್ತಾನಿಗೆ ಅದು ಸುಮಾರು 47 ಕೆಜಿ. ಕಾಣೆಯಾದ ನಲವತ್ತೆರಡರ ಆಸುಪಾಸಿನದೇ ಈ ಅಂಕಿ, ಎಂದರೆ ಉಳಿದ ಕೊರತೆಗೆ ಹುಳುವೇ ಕಾರಣವೆನ್ನಲು ಒಳ್ಳೆಯ ಆಧಾರ ಸಿಕ್ಕಿತು.

ಈ ಪರೀಕ್ಷೆಗೂ ಮಿತಿಯಿದೆ. ಹುಳು ದಪ್ಪ ಕಾಳನ್ನೇ ಆರಿಸಿ ತಿಂದಿದ್ದರೆ ನಷ್ಟ ಕಡಿಮೆ ಕಾಣುತ್ತದೆ, ಕೆಲವೊಮ್ಮೆ ಉತ್ತರ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಕಾಳಿನೊಳಗೇ ಇರುವ ಮರಿಹುಳು ಹೊರಗಿನಿಂದ ತೂತಾಗಿ ಕಾಣದು. ಇಲಿ ಪೂರ್ತಿ ತಿಂದು ಹೋದ ಕಾಳು ಈ ಎಣಿಕೆಗೆ ಸಿಗುವುದೇ ಇಲ್ಲ. ಅದಕ್ಕೆ ಚೀಲದ ಮೂಲೆಯ ಕಡಿತ, ಹಿಕ್ಕೆ, ಗೋಡೆಯಂಚಿನ ಜಾಡು ನೋಡಬೇಕು.

## ಲಕ್ಷಣ: ತೂಕ ಇಳಿದಿದೆ, ತೇವಾಂಶದ ಅಂಕ ಮಾತ್ರ ಹಾಗೇ ಇದೆ

ಕಾಳು ನಿಜವಾಗಿ ಹೋಗಿದ್ದರೆ ಹೀಗಾಗುತ್ತದೆ. ಆದರೆ ಮಾದರಿ ತಪ್ಪಾಗಿ ತೆಗೆದರೂ ಹೀಗೇ ಕಾಣುತ್ತದೆ, ಅದನ್ನು ಮೊದಲು ನೋಡಿ. ಚೀಲದ ಅಟ್ಟಿಯಲ್ಲಿ ಹೊರಸಾಲಿನ ಚೀಲ ಬೇಗ ಆರುತ್ತದೆ, ನಡುವಿನದು ತಡವಾಗಿ. ಗೋಡೆಗೆ ತಾಗಿದ್ದು, ನೆಲದ ಸಾಲಿನದು ತೇವ ಹಿಡಿದಿರಬಹುದು. ಕೈಗೆ ಸಿಕ್ಕಿದ ಮುಂದಿನ ಸಾಲಿನಿಂದ ಮೂರು ಚೀಲ ಚುಚ್ಚಿ ನೋಡಿದರೆ ಇಡೀ ಅಟ್ಟಿಯ ವಿಷಯ ತಿಳಿಯುವುದಿಲ್ಲ.

ರೂಢಿಯಲ್ಲಿರುವ ನಿಯಮ ಇದು: ಹತ್ತು ಚೀಲದವರೆಗೆ ಎಲ್ಲವನ್ನೂ, ಹತ್ತರಿಂದ ನೂರರವರೆಗೆ ಹತ್ತನ್ನು, ನೂರಕ್ಕಿಂತ ಹೆಚ್ಚಿದ್ದರೆ ಒಟ್ಟು ಸಂಖ್ಯೆಯ ವರ್ಗಮೂಲದಷ್ಟು ಚೀಲಗಳನ್ನು ಚುಚ್ಚಬೇಕು. 240 ಚೀಲಕ್ಕೆ 16. ಮೇಲೆ, ಕೆಳಗೆ, ನಡುವೆ, ಗೋಡೆಯ ಕಡೆ ಎಂದು ಹಂಚಿಕೊಂಡು, ಮಾದರಿ ಕೊಳವೆಯನ್ನು ಚೀಲದ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ತಳ್ಳಿ ತೆಗೆಯಿರಿ. ಸಾಲಿಗೊಂದರಂತೆ ಅಂಕ ಬೇರೆ ಬೇರೆಯೇ ಬರೆದಿಡಿ. ಸರಾಸರಿಯೊಂದನ್ನೇ ಬರೆದರೆ ನೆಲದ ಸಾಲು ತೇವ ಹೀರುತ್ತಿರುವ ಸುದ್ದಿ ಅದರೊಳಗೆ ಮುಚ್ಚಿಹೋಗುತ್ತದೆ.

ಇನ್ನು ಒಂದಷ್ಟು ಚೀಲಕ್ಕೆ ಬಣ್ಣದ ಗುರುತು ಹಾಕಿ, ಅಟ್ಟಿಯ ಬೇರೆ ಬೇರೆ ಎತ್ತರದಲ್ಲಿ ಅಂಚಿಗೆ ಇಟ್ಟು, ತಿಂಗಳಿಗೊಮ್ಮೆ ಅವನ್ನೇ ತೂಗುತ್ತಾ ಬನ್ನಿ. ಇವು ಸಾಕ್ಷಿ ಚೀಲ. ಒಟ್ಟು ದಾಸ್ತಾನು ಕಡಿಮೆ ಬಂದು ಸಾಕ್ಷಿ ಚೀಲಗಳ ಒಣ ತೂಕ ಹಾಗೇ ಇದ್ದರೆ, ಚೀಲದೊಳಗಿನ ಕಾಳು ಸವೆದಿಲ್ಲ, ಇಡೀ ಚೀಲವೇ ಹೋಗಿದೆ ಅಥವಾ ಎಣಿಕೆ ತಪ್ಪಿದೆ. ಸಾಕ್ಷಿ ಚೀಲಗಳ ಒಣ ತೂಕವೂ ಇಳಿದಿದ್ದರೆ ಹುಳು, ಇಲಿ, ಬೂಷ್ಟಿನ ಕಡೆ ತಿರುಗಿ. ಅಂಚಿನ ಚೀಲ ನಡುವಿನದಕ್ಕಿಂತ ಬೇಗ ಆರುವುದರಿಂದ ಅವುಗಳ ತೂಕ ಇಳಿತವನ್ನು 240ಕ್ಕೆ ಗುಣಿಸಿ ಇಡೀ ದಾಸ್ತಾನಿನ ಲೆಕ್ಕ ಹೇಳಬಾರದು.

## ಲಕ್ಷಣ: ಒಂದೇ ಚೀಲಕ್ಕೆ ಮೀಟರ್ ಸಲಕ್ಕೊಂದು ಅಂಕ ತೋರಿಸುತ್ತದೆ

ತೇವಾಂಶ ಮೀಟರ್ ನೀರನ್ನು ನೇರವಾಗಿ ಅಳೆಯುವುದಿಲ್ಲ. ಕಾಳಿನ ಮೂಲಕ ವಿದ್ಯುತ್ತಿನ ವರ್ತನೆ ನೋಡಿ ಅಂದಾಜು ಹೇಳುತ್ತದೆ. ಹಾಗಾಗಿ ಕಾಳಿನ ಉಷ್ಣತೆ, ಸುರಿದ ಬಗೆ, ಧೂಳು, ಒಡೆದ ಕಾಳು ಎಲ್ಲವೂ ಅಂಕಕ್ಕೆ ತಾಗುತ್ತವೆ.

ಮೊದಲು ಮೀಟರಿನಲ್ಲಿ ಧಾನ್ಯದ ಆಯ್ಕೆ ಸರಿಯಿದೆಯೆ ನೋಡಿ. ಹಿಂದಿನವರು ಭತ್ತಕ್ಕೆ ಇಟ್ಟಿದ್ದನ್ನು ಬದಲಿಸದೆ ಮೆಕ್ಕೆಜೋಳ ಅಳೆದಿರಬಹುದು. ಆಮೇಲೆ ಬ್ಯಾಟರಿ ಬದಲಿಸಿ, ಕಾಳು ಹಾಕುವ ಬಟ್ಟಲನ್ನು ಒಣ ಬಟ್ಟೆಯಿಂದ ಒರೆಸಿ. ಕಾಳನ್ನು ಪ್ರತಿ ಸಲವೂ ಅದೇ ಎತ್ತರದಿಂದ, ಅದೇ ವೇಗದಲ್ಲಿ ಸುರಿಯಿರಿ, ತಟ್ಟಿ ಗಿಡಿಯಬೇಡಿ. ಮೂರು ಸಲ ಅಳೆದು ಸರಾಸರಿ ಬರೆಯಿರಿ. ಮೂರರ ನಡುವೆ ಅರ್ಧ ಅಂಕಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಾದರಿಯನ್ನು ಚೆನ್ನಾಗಿ ಬೆರೆಸಿ ಮತ್ತೆ ಅಳೆಯಿರಿ.

ಅಂಕ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಬರುತ್ತಿದ್ದರೆ ಉಷ್ಣತೆ ಕಾರಣ. ಮಾದರಿಯನ್ನು ಗಾಳಿಯಾಡದ ಡಬ್ಬಿಗೆ ತುಂಬಿ ಮೀಟರಿನ ಪಕ್ಕದಲ್ಲೇ ಇಟ್ಟು, ಎರಡೂ ಒಂದೇ ಬಿಸಿಗೆ ಬಂದ ಮೇಲೆ ಅಳೆಯಿರಿ. ತೆರೆದಿಟ್ಟು ಕಾಯುವುದು ಬೇಡ, ಅಷ್ಟರಲ್ಲಿ ಕಾಳು ಆರಿಬಿಡುತ್ತದೆ. ಈಗಷ್ಟೇ ಒಣಗಿಸಿದ ಕಾಳಿನಲ್ಲಿ ಇನ್ನೊಂದು ಮೋಸವಿದೆ: ಹೊರಮೈ ಆರಿ ಒಳಗೆ ಹಸಿ ಉಳಿದಿರುವುದರಿಂದ ಅಂಕ ಕಡಿಮೆ ತೋರಿಸಿ, ಮರುದಿನ ಏರಿದಂತೆ ಕಾಣುತ್ತದೆ. ಹಾಗಾಗಿ ಒಣಗಿಸಿದ ಕಾಳನ್ನು ಒಂದು ದಿನ ಬಿಟ್ಟು ಅಳೆದ ಅಂಕವನ್ನೇ ಪುಸ್ತಕಕ್ಕೆ ಹಾಕಬೇಕು.

ಮೀಟರ್ ತಿಂಗಳಿಂದ ತಿಂಗಳಿಗೆ ಸರಿದಿದೆಯೇ ಎಂದು ತಿಳಿಯಲು ಖರ್ಚಿಲ್ಲದ ಉಪಾಯವಿದೆ. ಹುಳುವಿಲ್ಲದ, ಚೆನ್ನಾಗಿ ಆರಿದ ಕಾಳನ್ನು ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿ, ಗಾಳಿಯಾಡದಂತೆ ಮುಚ್ಚಿಡಿ. ಅದರ ತೇವಾಂಶ ಬದಲಾಗದು. ಪ್ರತಿ ತಿಂಗಳು ದಾಸ್ತಾನು ಅಳೆಯುವ ಮೊದಲು ಅದನ್ನು ಅಳೆದು, ತಕ್ಷಣ ಮತ್ತೆ ತುಂಬಿ ಮುಚ್ಚಿ. ಆ ಬಾಟಲಿಯ ಅಂಕ ಸರಿದಿದ್ದರೆ ಸರಿದದ್ದು ಮೀಟರ್.

ಮೀಟರ್ ನಿಖರವಾಗಿಲ್ಲ ಎಂಬ ಮಾತ್ರಕ್ಕೆ ಲೆಕ್ಕವೇ ಕೆಟ್ಟಿತೆಂದು ಕೈಚೆಲ್ಲಬೇಡಿ. ಇಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿಯೊಂದಿದೆ. ನಮ್ಮ ಉದಾಹರಣೆಯ ಮೀಟರ್ ಮೊದಲಿಂದಲೂ 0.4 ಕಡಿಮೆ ತೋರಿಸುತ್ತಿತ್ತು ಎಂದುಕೊಳ್ಳಿ. ನಿಜವಾದ ಅಂಕಗಳು 14.9 ಮತ್ತು 13.0. ಮತ್ತೆ ಲೆಕ್ಕ ಹಾಕಿದರೆ ಇರಬೇಕಾದ ತೂಕ ಬದಲಾಗುವುದು ಬರೀ ಒಂದು ಕೆಜಿಯಷ್ಟು. ಎರಡೂ ತುದಿಯಲ್ಲಿ ಒಂದೇ ಬಗೆಯ ತಪ್ಪಿದ್ದರೆ ಅದು ತಾನಾಗಿ ವಜಾ ಆಗುತ್ತದೆ. ತುಂಬುವಾಗ ಒಂದು ಮೀಟರ್, ತೆಗೆಯುವಾಗ ಬೇರೊಂದು ಮೀಟರ್ ಆದರೆ ಅದೇ 0.4ರ ತಪ್ಪು ಐವತ್ತು ಕೆಜಿಗಿಂತ ಹೆಚ್ಚಿನ ಕೊರತೆಯಾಗಿಯೋ ಲಾಭವಾಗಿಯೋ ಎದುರಿಗೆ ಬರುತ್ತದೆ. ಮಧ್ಯದಲ್ಲಿ ಮೀಟರ್ ಬದಲಿಸಲೇಬೇಕಾದರೆ ಹಳೆಯದು, ಹೊಸದು ಎರಡರಲ್ಲೂ ಅದೇ ಹತ್ತು ಮಾದರಿ ಅಳೆದು, ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದಿಡಿ. ಹಳೆಯದು ಪೂರ್ತಿ ಕೆಡುವವರೆಗೆ ಕಾದರೆ ಈ ಅವಕಾಶ ಹೋಗುತ್ತದೆ.

ನಿಜವಾದ ತೇವಾಂಶವೇ ಬೇಕೆಂದರೆ ಪ್ರಯೋಗಾಲಯದ ಒಲೆಯ ವಿಧಾನ ಒಂದೇ. ಇಡಿ ಮೆಕ್ಕೆಜೋಳಕ್ಕೆ 103 ಡಿಗ್ರಿ ಸೆಲ್ಸಿಯಸ್, 72 ಗಂಟೆ. ನೂರು ಗ್ರಾಂ 87.1 ಗ್ರಾಂಗೆ ಇಳಿದರೆ ತೇವಾಂಶ 12.9. ಮನೆಯ ಒಲೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಉಷ್ಣತೆ ಅಷ್ಟು ಸ್ಥಿರವಾಗಿ ನಿಲ್ಲದು, ಮೂರು ದಿನ ಕಾಯಿಸಿದ ಕಾಳಿಗೆ ಬೆಂಕಿ ಹತ್ತುವ ಅಪಾಯವೂ ಇದೆ. ಅರ್ಧ ಕೆಜಿ ಮಾದರಿಯನ್ನು ಎರಡು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಹಿಂಡಿ ಕಟ್ಟಿ ಕಳಿಸಿ. ಅದೇ ಮಾದರಿಯ ಮೀಟರ್ ಅಂಕ ಬರೆದಿಟ್ಟುಕೊಂಡಿರಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.

## ಲಕ್ಷಣ: ತೂಕ ಹೆಚ್ಚಾಗಿದೆ

ಬಹಳ ಮಂದಿ ಇದನ್ನು ಕಂಡು ಸಮಾಧಾನಪಡುತ್ತಾರೆ. ಆದರೆ ಸಂಗ್ರಹದಲ್ಲಿ ಒಣ ತೂಕ ಹೆಚ್ಚಾಗಲು ಸಾಧ್ಯವೇ ಇಲ್ಲ. ತೇವಾಂಶವೂ ಏರಿದ್ದು ಒಣ ತೂಕ ಹಾಗೇ ಇದ್ದರೆ ಕಾಳು ಗಾಳಿಯಿಂದ ನೀರು ಹೀರಿದೆ. ಗಾಳಿಯ ಆರ್ದ್ರತೆ ಶೇ. 70ರ ಸುಮಾರು ಬಹುಕಾಲ ನಿಂತರೆ ಮೆಕ್ಕೆಜೋಳ ಸುಮಾರು ಶೇ. 14ರ ಕಡೆಗೆ ಸಾಗುತ್ತದೆ. ಅಲ್ಲಿಂದ ಮೇಲೆ ಬೂಷ್ಟಿಗೆ ಅನುಕೂಲ. ಮಾಡಿನ ಸೋರಿಕೆ, ನೆಲದ ಹಲಗೆ, ಗೋಡೆಗೂ ಚೀಲಕ್ಕೂ ಇರುವ ಅಂತರ ನೋಡಿ. ಒಣ ಹವೆಯಿರುವ ಹೊತ್ತಿನಲ್ಲಿ ಮಾತ್ರ ಕಿಟಕಿ ತೆರೆಯಿರಿ. ಒಣ ತೂಕವೇ ಹೆಚ್ಚು ಬಂದಿದ್ದರೆ ಅದು ತಕ್ಕಡಿಯ, ಚೀಲದ ಅಥವಾ ಮೀಟರಿನ ತಪ್ಪು. ಮೇಲಿನ ಪರೀಕ್ಷೆಗಳನ್ನೇ ಮತ್ತೆ ಮಾಡಿ.

## ಲಕ್ಷಣ: ತೇವಾಂಶ ಏರುತ್ತಿದೆ, ತೂಕ ನಿಧಾನವಾಗಿ ಇಳಿಯುತ್ತಿದೆ

ಎಲ್ಲ ಲಕ್ಷಣಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇದು. ನೀರು ಸೇರಿದ್ದರೆ ತೂಕ ಏರಬೇಕಿತ್ತು. ಏರದೆ ಇಳಿದಿದೆ ಎಂದರೆ ಕಾಳಿನೊಳಗೆ ಹುಳುವೋ ಬೂಷ್ಟೋ ಬದುಕಿ ಉಸಿರಾಡುತ್ತಿದೆ. ಉಸಿರಾಟದಲ್ಲಿ ಕಾಳಿನ ಪಿಷ್ಟ ಸುಟ್ಟು ಇಂಗಾಲದ ಡೈಆಕ್ಸೈಡ್, ನೀರು, ಶಾಖ ಹುಟ್ಟುತ್ತವೆ. ಒಂದು ಕೆಜಿ ಒಣ ಕಾಳು ಹೀಗೆ ಸುಟ್ಟರೆ ಸುಮಾರು 0.6 ಕೆಜಿ ನೀರು ಹುಟ್ಟಿ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಹಾಗಾಗಿ ತಕ್ಕಡಿಗೆ ಕಾಣುವುದು 0.4 ಕೆಜಿ ಇಳಿತ ಮಾತ್ರ.

ಅಂಕಿಯಲ್ಲಿ ನೋಡಿ. ಶೇ. 13ರ ತೇವಾಂಶದ 10,000 ಕೆಜಿಯಲ್ಲಿ ಒಣ ತೂಕ 8,700. ಅದರ ಶೇ. 1, ಎಂದರೆ 87 ಕೆಜಿ ಸುಟ್ಟುಹೋಯಿತು ಎನ್ನೋಣ. ಹುಟ್ಟಿದ ನೀರು 52 ಕೆಜಿ. ತಕ್ಕಡಿ 9,965 ತೋರಿಸುತ್ತದೆ, ಕೊರತೆ 35 ಕೆಜಿ. ಮೀಟರ್ 13.6ರ ಹತ್ತಿರ ಏರುತ್ತದೆ. ಬರೀ ತೂಕ ಬರೆಯುವ ಪುಸ್ತಕಕ್ಕೆ "ಮೂವತ್ತೈದು ಕೆಜಿ ತಾನೆ" ಎನಿಸುತ್ತದೆ. ಒಣ ತೂಕ ಬರೆಯುವ ಪುಸ್ತಕಕ್ಕೆ 87 ಕೆಜಿ ಹೋದದ್ದು ಆ ತಿಂಗಳೇ ಕಾಣುತ್ತದೆ.

ಖಚಿತಪಡಿಸಿಕೊಳ್ಳಲು ಮೊದಲು ಉಷ್ಣತೆ. ಉದ್ದ ಸಲಾಕೆಯ ಉಷ್ಣಮಾಪಕವನ್ನು ಚೀಲದ ನಡುವಿಗೆ ಚುಚ್ಚಿ ಹದಿನೈದು ನಿಮಿಷ ಬಿಡಿ. ಉಷ್ಣಮಾಪಕ ಇಲ್ಲದಿದ್ದರೆ ಕಬ್ಬಿಣದ ಸರಳನ್ನು ಅಷ್ಟೇ ಹೊತ್ತು ಇಟ್ಟು, ಹೊರಗೆಳೆದು ಅಂಗೈಯಲ್ಲಿ ಹಿಡಿದು ನೋಡಬಹುದು. ಒಂದು ಚೀಲ ಪಕ್ಕದವುಗಳಿಗಿಂತ ಐದು ಡಿಗ್ರಿಯಷ್ಟು ಬಿಸಿಯಿದ್ದರೆ ಅದು ಸಹಜವಲ್ಲ. ಆಮೇಲೆ ಒಂದು ಕೆಜಿ ಕಾಳನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಬಿಳಿ ಕಾಗದದ ಮೇಲೆ ಜರಡಿಯಾಡಿ. ಹಿಟ್ಟಿನಂಥ ಪುಡಿ, ಓಡಾಡುವ ಮೂತಿ ಹುಳು ಕಂಡರೆ ಕಾರಣ ಹುಳು. ಪುಡಿಯಿಲ್ಲದೆ ಮುಗ್ಗಲು ವಾಸನೆ, ಕಾಳು ಗಂಟುಗಟ್ಟಿರುವುದು, ಹಸಿರು ಅಥವಾ ಬೂದು ಬಣ್ಣ ಕಂಡರೆ ಬೂಷ್ಟು.

ಹುಳು ಅಲ್ಪವಿದ್ದರೆ ಆ ಚೀಲಗಳನ್ನು ಬೇರ್ಪಡಿಸಿ, ಜರಡಿಯಾಡಿ, ಒಣಗಿಸಿ, ಹೊರಬಿದ್ದ ಪುಡಿಯ ತೂಕವನ್ನೂ ಬರೆದುಕೊಳ್ಳಿ. ಅದು ನಷ್ಟದ ಕಾಲಂಗೆ ಹೋಗಬೇಕು, ತೇವಾಂಶದ ಕಾಲಂಗಲ್ಲ.

ಇಲ್ಲಿ ನಿಲ್ಲಿಸಿ, ತಿಳಿದವರನ್ನು ಕರೆಯಿರಿ:

- ಬೂಷ್ಟು ಕಂಡ ಕಾಳನ್ನು ಬಾಯಿಗೆ ಹಾಕಿ ನೋಡಬೇಡಿ, ಒಳ್ಳೆಯ ಕಾಳಿಗೆ ಬೆರೆಸಬೇಡಿ, ದನಕ್ಕೂ ಕೋಳಿಗೂ ಹಾಕಬೇಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಕಣ್ಣಿಗೆ ಕಾಣುವುದಿಲ್ಲ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಪ್ರಯೋಗಾಲಯದ ವರದಿ ಬರುವವರೆಗೆ ಬೇರೆ ಇಡಿ. ಮುಟ್ಟುವವರು ಮೂಗುಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಳ್ಳಲಿ.
- ಹುಳುವಿಗೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುವುದು ತರಬೇತಿ ಮತ್ತು ಅನುಮತಿ ಇರುವವರ ಕೆಲಸ. ಅದರಿಂದ ಬರುವ ಫಾಸ್ಫೀನ್ ಅನಿಲ ಕೊಲ್ಲುತ್ತದೆ. ವಾಸನೆ ಬರದಿದ್ದರೂ ಅಪಾಯದ ಮಟ್ಟದಲ್ಲಿ ಇರಬಹುದು. ಗುಳಿಗೆ ಇಟ್ಟ ಗೋದಾಮಿಗೆ, ತಿಂಗಳ ತೂಕದ ದಿನ ಬಂತೆಂದು, ಅನಿಲ ಹೋಗಿದೆ ಎಂದು ಉಪಕರಣದಲ್ಲಿ ಅಳೆದು ಹೇಳುವವರೆಗೆ ಯಾರೂ ಹೋಗಬಾರದು. ಆ ತಿಂಗಳ ಸಾಲಿನಲ್ಲಿ "ಅಳೆದಿಲ್ಲ, ಅನಿಲ ಹಾಕಿದೆ" ಎಂದು ಬರೆದರೆ ಸಾಕು.
- ಒಳಗೆ ಹೋದವರಿಗೆ ತಲೆಸುತ್ತು, ವಾಕರಿಕೆ, ಎದೆ ಬಿಗಿತ ಕಂಡರೆ ತಕ್ಷಣ ಹೊರಗೆ ತಂದು ಆಸ್ಪತ್ರೆಗೆ ಕರೆದೊಯ್ಯಿರಿ. ಅವರನ್ನು ಎತ್ತಿ ತರಲು ರಕ್ಷಣೆಯಿಲ್ಲದೆ ಒಳಗೆ ನುಗ್ಗಬೇಡಿ.
- ಕೆಳಸಾಲಿನ ಚೀಲ ಕೊಳೆತಿದ್ದರೆ ಅಟ್ಟಿ ವಾಲುತ್ತದೆ. ಮಾದರಿಗಾಗಿ ಅದರ ಮೇಲೆ ಹತ್ತಬೇಡಿ, ಮೇಲಿನಿಂದ ಒಂದೊಂದೇ ಸಾಲು ಇಳಿಸಿ. ಕಣಜದಲ್ಲಿ ಸುರಿದ ಕಾಳಿನ ಮೇಲಂತೂ ಯಾರೂ ನಡೆಯಬಾರದು, ಮೇಲೆ ಗಟ್ಟಿಯಾಗಿ ಒಳಗೆ ಪೊಳ್ಳಾಗಿದ್ದರೆ ಮನುಷ್ಯ ಹೂತುಹೋಗುತ್ತಾನೆ.

## ಲಕ್ಷಣ: ದಾಸ್ತಾನಿನ ಲೆಕ್ಕ ಸರಿಯಿದೆ, ಸದಸ್ಯರ ಪಾಲಿನ ಲೆಕ್ಕ ಸರಿಬರುತ್ತಿಲ್ಲ

ಇದಕ್ಕೆ ಕಾರಣ ಬಹುತೇಕ ಒಂದೇ: ತಂದ ಹಸಿ ತೂಕದ ಮೇಲೆ ಪಾಲು ಹಂಚಿರುತ್ತಾರೆ. ಒಬ್ಬರು ಶೇ. 16ರ 1,000 ಕೆಜಿ ತಂದರು, ಒಣ ತೂಕ 840. ಇನ್ನೊಬ್ಬರು ಮನೆಯಲ್ಲೇ ಚೆನ್ನಾಗಿ ಒಣಗಿಸಿ ಶೇ. 13ರ 1,000 ಕೆಜಿ ತಂದರು, ಒಣ ತೂಕ 870. ಶೇ. 12.6ಕ್ಕೆ ಇಳಿದಾಗ ಮೊದಲಿನವರದು 961 ಕೆಜಿ, ಎರಡನೆಯವರದು 995. ಇಬ್ಬರಿಗೂ ಸಮ ಹಂಚಿದರೆ ಒಣಗಿಸಿ ತಂದವರು ತಮ್ಮ ಶ್ರಮದ ಜೊತೆಗೆ 17 ಕೆಜಿ ಕಾಳನ್ನೂ ಕಳೆದುಕೊಳ್ಳುತ್ತಾರೆ.

ಕಾಳು ತಂದ ದಿನವೇ, ತಂದವರ ಎದುರಿಗೇ ತೂಗಿ, ತೇವಾಂಶ ಅಳೆದು, ಒಣ ತೂಕ ಬರೆದ ಚೀಟಿ ಕೊಡಿ. ಖಾತೆ ಇರಬೇಕಾದದ್ದು ಆ ಒಣ ತೂಕದಲ್ಲಿ. ಕೊನೆಗೆ ತೆಗೆದ ದಿನ ಒಟ್ಟು ನಿವ್ವಳ ತೂಕವನ್ನು ಒಣ ತೂಕದ ಪ್ರಮಾಣಕ್ಕೆ ಹಂಚಿದರೆ ನೀರಿನ ಇಳಿತ ಅವರವರ ಕಾಳಿಗೆ ತಕ್ಕಂತೆ ತಾನಾಗಿ ಹೊಂದಿಕೊಳ್ಳುತ್ತದೆ, ಹುಳು ತಿಂದದ್ದೂ ಉದುರಿದ್ದೂ ಎಲ್ಲರ ಮೇಲೆ ಸಮನಾಗಿ ಬೀಳುತ್ತದೆ. ಹುಳು ಹಿಡಿದ ಕಾಳನ್ನೇ ಯಾರಾದರೂ ತಂದಿದ್ದರೆ ಈ ಸಮ ಹಂಚಿಕೆ ಸಲ್ಲದು. ಅದನ್ನು ತರುವ ದಿನವೇ ಜರಡಿಯಾಡಿ ತಿಳಿಯಬೇಕು, ಬೇರೆ ಅಟ್ಟಿಯಲ್ಲಿಡಬೇಕು. ಎಲ್ಲರ ಕಾಳೂ ಒಂದೇ ಅಟ್ಟಿಗೆ ಏರಿದ ಮೇಲೆ ಯಾರ ಚೀಲದಿಂದ ಹುಳು ಹರಡಿತು ಎಂದು ಹೇಳುವ ಪರೀಕ್ಷೆ ಯಾವುದೂ ಇಲ್ಲ.